ಬೆನ್ನ ಹಿಂದೆ ಸ್ಟಾಪರ್, ಎದುರಿಗೆ ಓಡಿಬರುವ ಹಾಫ್: ಟಾರ್ಗೆಟ್ ಸ್ಟ್ರೈಕರ್ ಚೆಂಡನ್ನು ಕಾಯ್ದುಕೊಳ್ಳುವ ಬಗೆ

ಫುಟ್‌ಬಾಲ್ ಪಂದ್ಯದಲ್ಲಿ ಸ್ಟ್ರೈಕರ್‌ನ ಬೆನ್ನು ಎದುರಾಳಿಯ ಗೋಲಿನ ಕಡೆಗಿದೆ, ಬೆನ್ನಿಗೆ ಎದುರಾಳಿಯ ನಡು ರಕ್ಷಕನಾದ ಸ್ಟಾಪರ್ ಅಂಟಿಕೊಂಡಿದ್ದಾನೆ, ತನ್ನದೇ ತಂಡದ ಹಿಂಭಾಗದಿಂದ ನೆಲಕ್ಕಂಟಿದ ಪಾಸೊಂದು ಅವನ ಕಾಲಿಗೆ ಬರುತ್ತಿದೆ. ಈ ಬರಹವನ್ನು ಇದೊಂದೇ ಸನ್ನಿವೇಶಕ್ಕೆ ಸೀಮಿತಗೊಳಿಸಿದ್ದೇನೆ. ಮೇಲಿಂದ ಬರುವ ಚೆಂಡಿಗೆ ತಲೆ ಕೊಡುವುದು ಬೇರೆ ವಿದ್ಯೆ, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಕಾಲಿಗೆ ಬಂದ ಚೆಂಡನ್ನು ಸ್ಟ್ರೈಕರ್ ಕಳೆದುಕೊಳ್ಳದೆ ಉಳಿಸಿಕೊಂಡು, ಮುಂದಕ್ಕೆ ಓಡಿಬರುವ ಹಾಫ್‌ನ, ಅಂದರೆ ಮಿಡ್‌ಫೀಲ್ಡರ್‌ನ, ಹೆಜ್ಜೆಗೆ ಅದನ್ನು ಇಟ್ಟುಕೊಟ್ಟನೆಂದರೆ ಅವನ ಪಾಲಿನ ಕೆಲಸ ಮುಗಿಯಿತು. ಗೋಲು ಯಾರ ಹೆಸರಿಗೆ ಬೀಳುತ್ತದೆ ಎಂಬುದು ಆಮೇಲಿನ ಮಾತು. 2018ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದಲ್ಲಿ ಸ್ಟ್ರೈಕರ್ ಒಲಿವಿಯೇ ಜಿರೂ ಇಡೀ ಪಂದ್ಯಾವಳಿಯಲ್ಲಿ ಗೋಲಿನ ಚೌಕಟ್ಟಿಗೆ ಸರಿಯಾಗಿ ಹೋಗುವಂತಹ ಒಂದು ಹೊಡೆತವನ್ನೂ ಹೊಡೆಯಲಿಲ್ಲ. ಆದರೂ ಕೋಚ್ ದಿದಿಯೇ ದೆಶಾಂ ಫೈನಲ್‌ನ ಮೊದಲ ಹನ್ನೊಂದರಲ್ಲಿ ಅವನನ್ನೇ ಇಳಿಸಿದರು. ಗ್ರೀಝ್‌ಮನ್ ಮತ್ತು ಎಂಬಾಪೆ ಅವನ ಸುತ್ತ ಓಡುತ್ತಿದ್ದರು, ಆ ಓಟಕ್ಕೆ ಬೇಕಾದ ಗೋಡೆ ಅವನಾಗಿದ್ದ.

ನಾನು ಬೆಳಗಾವಿಯಲ್ಲಿ ಹದಿನೇಳರ ಒಳಗಿನ ಹುಡುಗರಿಗೆ ಸಂಜೆಹೊತ್ತು ಆಟ ಕಲಿಸುತ್ತೇನೆ, ಹೆಚ್ಚಾಗಿ ಟಿಳಕವಾಡಿಯ ಲೇಲೆ ಮೈದಾನದಲ್ಲಿ. ಎರಡು ಮಳೆಗಾಲಗಳ ಹಿಂದೆ ನಮ್ಮ ಸ್ಟ್ರೈಕರ್ ಆಗಿದ್ದವನು ಊರಿನ ಕ್ಯಾಂಪ್ ಪ್ರದೇಶದ ಹದಿನಾರರ ಹುಡುಗ. ಅಗಲ ಭುಜದ, ಗಟ್ಟಿ ತೊಡೆಯ ಆಳು, ನೋಡಿದವರೆಲ್ಲ ಇವನು ಟಾರ್ಗೆಟ್ ಆಡಲೆಂದೇ ಹುಟ್ಟಿದವನು ಎನ್ನುತ್ತಿದ್ದರು. ಒಂದು ಅಭ್ಯಾಸ ಪಂದ್ಯದ ಮೊದಲರ್ಧದಲ್ಲಿ ಅವನ ಕಾಲಿಗೆ ಹೋದ ಪಾಸ್‌ಗಳನ್ನು ನನ್ನ ವಹಿಯಲ್ಲಿ ಗುರುತು ಹಾಕಿಕೊಂಡೆ. ಹನ್ನೊಂದು ಪಾಸ್‌ಗಳಲ್ಲಿ ಏಳನ್ನು ಕಳೆದುಕೊಂಡಿದ್ದ. ಆಗ ನಾನು ಮಾಡಿದ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಇನ್ನಷ್ಟು ಜೋರಾಗಿ ಒತ್ತಿ ನಿಲ್ಲಬೇಕೆಂದು ಹೇಳಿ ಕಳಿಸಿದೆ, ದ್ವಿತೀಯಾರ್ಧದಲ್ಲಿ ಅವನು ಹಿಂದಕ್ಕೆ ನೂಕಿ ನೂಕಿ ಮೂರು ಫ್ರೀಕಿಕ್‌ಗಳನ್ನು ಎದುರಾಳಿಗೆ ಕೊಟ್ಟು ಬಂದ. ಮುಂದಿನ ಆರು ವಾರಗಳಲ್ಲಿ ನಾವಿಬ್ಬರೂ ತಿದ್ದಿಕೊಂಡ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಚೆಂಡು ಬರುವ ಮುನ್ನ

ಕಳೆದುಹೋದ ಆ ಏಳು ಚೆಂಡುಗಳಲ್ಲಿ ಐದು, ಪಾಸ್ ಹೊರಡುವ ಮೊದಲೇ ಕಳೆದುಹೋಗಿದ್ದವು ಎನ್ನಬೇಕು. ಹುಡುಗ ಒಂದೇ ಜಾಗದಲ್ಲಿ ನಿಂತು ಕೈಯೆತ್ತಿ ಚೆಂಡು ಕೇಳುತ್ತಿದ್ದ. ಸ್ಟಾಪರ್‌ಗೆ ಬೇಕಾದದ್ದೂ ಅದೇ, ಏಕೆಂದರೆ ನಿಂತವನ ಮುಂದೆ ನುಗ್ಗಿ ಪಾಸನ್ನು ಕಸಿಯುವುದು ಸುಲಭ. ಸ್ಟ್ರೈಕರ್ ಮೊದಲು ಎರಡು ಮೂರು ಹೆಜ್ಜೆ ಗೋಲಿನ ಕಡೆಗೇ ಹೋಗಿ ಸ್ಟಾಪರ್‌ನನ್ನು ಹಿಂದಕ್ಕೆ ಕರೆದೊಯ್ಯಬೇಕು. ತನ್ನ ಬೆನ್ನ ಹಿಂದಿನ ಜಾಗದ ಭಯ ಸ್ಟಾಪರ್‌ಗೆ ಸದಾ ಇರುವುದರಿಂದ ಅವನು ಹಿಮ್ಮಡಿಯ ಮೇಲೆ ಭಾರ ಹಾಕಿ ಹಿಂದೆ ಸರಿಯುತ್ತಾನೆ. ಆ ಕ್ಷಣಕ್ಕೆ ಸ್ಟ್ರೈಕರ್ ಓರೆಯಾಗಿ ಚೆಂಡಿನ ಕಡೆಗೆ ಬಂದರೆ ಒಂದು ಮೀಟರಿನಷ್ಟು ಅಂತರ ಸಿಗುತ್ತದೆ. ಅಷ್ಟು ಅಂತರವೇ ಸಾಕು. ನೇರವಾಗಿ ಬಾರದೆ ಓರೆಯಾಗಿ ಬರಬೇಕೆಂದು ಹೇಳುವುದಕ್ಕೆ ಕಾರಣವಿದೆ: ಪಾಸ್ ಕೊಡುವವನಿಗೂ ಸ್ಟ್ರೈಕರ್‌ಗೂ ನಡುವೆ ಎದುರಾಳಿಯ ಒಬ್ಬ ಹಾಫ್ ಸಾಮಾನ್ಯವಾಗಿ ನಿಂತೇ ಇರುತ್ತಾನೆ, ಓರೆಯಾಗಿ ಬಂದವನು ಅವನ ನೆರಳಿನಿಂದ ಹೊರಬಿದ್ದು ಪಾಸ್ ಕೊಡುವವನ ಕಣ್ಣಿಗೆ ಕಾಣುತ್ತಾನೆ.

ಇದರ ನಡುವೆ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡಬೇಕು. ಮೊದಲ ನೋಟ ನಮ್ಮ ಆಟಗಾರ ಚೆಂಡನ್ನು ಹತೋಟಿಗೆ ತರುತ್ತಿರುವಾಗ, ಎರಡನೆಯದು ಚೆಂಡು ಅವನ ಕಾಲಿನಿಂದ ಹೊರಟ ಕೂಡಲೇ. ಹುಡುಗ ಇದಕ್ಕೆ ಒಪ್ಪಲಿಲ್ಲ.

"ಬಾಲ್ ಬರೂಕಿಂತ ಮದ್ಲ ಎರಡ ಸರ್ತಿ ಹಿಂದ ನೋಡಪಾ."

"ಹಿಂದ ನೋಡಿದ್ರ ಬಾಲ್ ತಪ್ಪತೈತ್ರಿ ಸರ್."

ಅವನ ಆತಂಕ ಸಹಜವೇ ಆಗಿತ್ತು, ಆದರೆ ಲೆಕ್ಕ ತಪ್ಪಿತ್ತು. ಹದಿನೆಂಟು ಮೀಟರ್ ದೂರದ ಪಾಸ್ ಸೆಕೆಂಡಿಗೆ ಹನ್ನೆರಡು ಮೀಟರ್ ವೇಗದಲ್ಲಿ ಬಂದರೂ ಕಾಲು ಮುಟ್ಟಲು ಒಂದೂವರೆ ಸೆಕೆಂಡ್ ಬೇಕು. ಹೆಗಲ ಮೇಲಿನ ನೋಟಕ್ಕೆ ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಉಳಿದ ಒಂದು ಸೆಕೆಂಡ್ ಚೆಂಡನ್ನು ನೋಡಲು ಧಾರಾಳವಾಯಿತು. ಅವನು ನಿಜವಾಗಿ ನೋಡುತ್ತಿದ್ದಾನೋ, ಸುಮ್ಮನೆ ಕತ್ತು ತಿರುಗಿಸುತ್ತಿದ್ದಾನೋ ಎಂದು ತಿಳಿಯಲು ನಾನು ಹಿಂದೆ ನಿಂತು ಬೆರಳುಗಳನ್ನು ಎತ್ತಿ ಹಿಡಿಯುತ್ತಿದ್ದೆ. ಚೆಂಡು ಮುಟ್ಟುವ ಮುನ್ನ ಅವನು ಸಂಖ್ಯೆ ಕೂಗಬೇಕಿತ್ತು. ಮೊದಲ ವಾರ ಹೆಚ್ಚಿನ ಸಲ ತಪ್ಪು ಹೇಳಿದ.

ಮೈ ಕೊಡುವುದು

ನಮ್ಮ ಕಡೆಯ ಗರಡಿಮನೆಗಳಲ್ಲಿ ಕುಸ್ತಿ ನೋಡಿದವರಿಗೆ ಈ ಹಂತವನ್ನು ವಿವರಿಸುವುದು ಸುಲಭ. ಪಟ್ಟು ಹಾಕುವ ಪೈಲ್ವಾನ ಮೊದಲು ಸೊಂಟ ಇಳಿಸುತ್ತಾನೆ, ಮೊಣಕಾಲು ಬಗ್ಗಿಸಿ ಪಾದ ಅಗಲಿಸಿ ನಿಲ್ಲುತ್ತಾನೆ, ಎದುರಾಳಿಯ ಭಾರ ಎತ್ತ ವಾಲುತ್ತಿದೆ ಎಂಬುದನ್ನು ಮೈಯಿಂದಲೇ ಓದುತ್ತಾನೆ. ಸ್ಟ್ರೈಕರ್ ಮಾಡಬೇಕಾದದ್ದೂ ಅದನ್ನೇ. ಸೆಟೆದು ನಿಂತ ಎತ್ತರದ ಆಟಗಾರನನ್ನು ಅವನಿಗಿಂತ ಗಿಡ್ಡನಾದ ಸ್ಟಾಪರ್ ಸೊಂಟದ ಬಳಿ ಒತ್ತಿ ಮುಂದಕ್ಕೆ ಮುಗ್ಗರಿಸಬಲ್ಲ, ಸೊಂಟ ಇಳಿಸಿದವನನ್ನು ಹಾಗೆ ಕದಲಿಸಲಾರ.

ಮೊದಲ ಸ್ಪರ್ಶ ಯಾರದ್ದು ಎಂಬುದು ಇಲ್ಲಿ ನಿರ್ಣಾಯಕ. ಚೆಂಡು ಕಾಲಿಗೆ ತಲುಪುವ ಅರ್ಧ ಸೆಕೆಂಡ್ ಮೊದಲು ಸ್ಟ್ರೈಕರ್ ತಾನಾಗಿಯೇ ಸ್ಟಾಪರ್‌ನ ಎದೆಗೆ ಭುಜ ತಾಗಿಸಿ ನೆಲೆ ಹಿಡಿಯಬೇಕು. ಸ್ಟಾಪರ್ ಮೊದಲು ಬಂದು ತಾಗಿದರೆ ಆ ತಳ್ಳು ಸ್ಟ್ರೈಕರ್ ಒಂಟಿಗಾಲಿನ ಮೇಲಿರುವಾಗ, ಅಂದರೆ ಚೆಂಡು ಹಿಡಿಯಲು ಇನ್ನೊಂದು ಕಾಲನ್ನು ಎತ್ತಿದಾಗಲೇ ಬೀಳುತ್ತದೆ. ತಾಗಿಸುವುದೆಂದರೆ ನೆಲೆ ಹಿಡಿಯುವುದು ಮಾತ್ರ. ಹಿಂದಕ್ಕೆ ಹೆಜ್ಜೆಯಿಟ್ಟು ಒತ್ತುವುದು ನೂಕಾಟವಾಗುತ್ತದೆ, ನಮ್ಮ ಹುಡುಗ ಮೂರು ಫ್ರೀಕಿಕ್ ಕೊಟ್ಟದ್ದು ಅಲ್ಲೇ.

ಇನ್ನು ನಿಲ್ಲುವ ಕೋನ. ಬೆನ್ನನ್ನು ಪೂರ್ತಿಯಾಗಿ ಸ್ಟಾಪರ್‌ಗೆ ಕೊಟ್ಟು ನಿಂತರೆ ಅವನ ಕಾಲು ಎಡಬದಿಯಿಂದ, ಬಲಬದಿಯಿಂದ, ಕೆಲವೊಮ್ಮೆ ಎರಡು ಕಾಲುಗಳ ನಡುವಿನಿಂದಲೂ ಚೆಂಡನ್ನು ಮುಟ್ಟುತ್ತದೆ. ಓರೆಯಾಗಿ ನಿಂತರೆ ಭುಜ, ಸೊಂಟ, ಹತ್ತಿರದ ಕಾಲು ಎಲ್ಲವೂ ಒಂದೇ ಸಾಲಿನಲ್ಲಿ ಬಂದು ಚೆಂಡಿಗೂ ಸ್ಟಾಪರ್‌ಗೂ ನಡುವೆ ಮೈಯ ಅಗಲವಷ್ಟೂ ತಡೆಯಾಗುತ್ತದೆ. ಬಲ ಭುಜ ಸ್ಟಾಪರ್‌ನ ಎದೆಗಿದ್ದರೆ ಮುಖ ಎಡ ವಿಂಗ್ ಕಡೆಗಿರುತ್ತದೆ, ಚೆಂಡು ದೂರದ ಕಾಲಾದ ಎಡಗಾಲಿನಲ್ಲಿರಬೇಕು. ಹೀಗೆ ನಿಂತವನಿಗೆ ಅರ್ಧ ಮೈದಾನ ಕಣ್ಣಿಗೆ ಬೀಳುತ್ತದೆ ಎಂಬ ಲಾಭವೂ ಉಂಟು. ಬರೀ ಬಲಗಾಲಿನಲ್ಲಿ ಆಡುವ ಸ್ಟ್ರೈಕರ್ ಯಾವಾಗಲೂ ಒಂದೇ ಬದಿಗೆ ಓರೆಯಾಗುತ್ತಾನೆ, ಜಾಣ ಸ್ಟಾಪರ್ ಹತ್ತು ನಿಮಿಷದಲ್ಲಿ ಅದನ್ನು ಪತ್ತೆಹಚ್ಚಿ ಆ ಬದಿಗೇ ಕಾಯತೊಡಗುತ್ತಾನೆ. ಆದ್ದರಿಂದ ಎರಡೂ ಕಾಲು ಬಳಸುವ ಅಭ್ಯಾಸವಿಲ್ಲದೆ ಈ ಕೆಲಸ ಅರ್ಧಂಬರ್ಧವೇ.

ಕೈಯ ವಿಷಯದಲ್ಲಿ ಆಟದ ನಿಯಮ ಸ್ಪಷ್ಟವಾಗಿದೆ. ಚೆಂಡು ಆಡಬಲ್ಲಷ್ಟು ಹತ್ತಿರದಲ್ಲಿದ್ದು, ಎದುರಾಳಿಯನ್ನು ಕೈಯಿಂದಾಗಲಿ ಮೈಯಿಂದಾಗಲಿ ತಡೆದು ಹಿಡಿಯದಿದ್ದರೆ, ಚೆಂಡಿಗೂ ಅವನಿಗೂ ನಡುವೆ ನಿಂತು ಕಾಯ್ದುಕೊಳ್ಳುವುದು ತಪ್ಪಲ್ಲ. ಚೆಂಡು ಎರಡು ಮೂರು ಮೀಟರ್ ದೂರ ಉರುಳಿಹೋದ ಮೇಲೂ ಮೈ ಅಡ್ಡ ಹಾಕಿದರೆ ಅದು ಎದುರಾಳಿಯ ದಾರಿ ತಡೆದ ತಪ್ಪಾಗುತ್ತದೆ. ಮೊಣಕೈ ಬಾಗಿಸಿ ಮುಂಗೈಯನ್ನು ಸಹಜ ಅಗಲದಲ್ಲಿ ಇಟ್ಟುಕೊಂಡರೆ ಹಿಂದಿನವನು ಎಲ್ಲಿದ್ದಾನೆಂಬುದು ತಿಳಿಯುತ್ತದೆ, ಸಮತೋಲವೂ ಉಳಿಯುತ್ತದೆ. ಅಂಗೈ ತೆರೆದು ಅಂಗಿ ಹಿಡಿದರೆ ಅಥವಾ ತೋಳನ್ನು ನೀಳವಾಗಿ ಹಿಂದಕ್ಕೆ ಚಾಚಿದರೆ ರೆಫ್ರಿ ಊದಿಯೇ ಊದುತ್ತಾರೆ. ಹುಡುಗರಿಗೆ ನಾನು ಹೇಳುವುದಿಷ್ಟೆ: ಮುಷ್ಟಿಯನ್ನು ಸಡಿಲವಾಗಿ ಮುಚ್ಚಿಡಿ, ಬೆರಳು ತೆರೆದರೆ ಅದು ಹಿಡಿಯಲೆಂದೇ ಹೋಗುತ್ತದೆ.

ಮೊದಲ ಮುಟ್ಟು ಮತ್ತು ಮೂರು ದಾರಿಗಳು

ದೂರದ ಕಾಲಿನ ಒಳಬದಿಯಿಂದ ಚೆಂಡನ್ನು ಸ್ವಾಗತಿಸಿ, ಸ್ಟಾಪರ್‌ನಿಂದ ಇನ್ನೂ ಅರ್ಧ ಹೆಜ್ಜೆ ಆಚೆಗೆ ಸರಿಸಬೇಕು. ಕಾಲಡಿಗೆ ಸಿಕ್ಕಿಸಿ ಅಲುಗದಂತೆ ನಿಲ್ಲಿಸುವುದು ಬೇಡ. ನಿಂತ ಚೆಂಡಿಗೆ ಸ್ಟಾಪರ್ ಗುರಿಯಿಡಬಲ್ಲ, ನಿಧಾನವಾಗಿ ಸರಿಯುತ್ತಿರುವ ಚೆಂಡಿಗೆ ಕಾಲು ಚಾಚಿದರೆ ಅವನು ಸ್ಟ್ರೈಕರ್‌ನ ಮೀನಖಂಡಕ್ಕೆ ಒದೆಯುವ ಸಂಭವವೇ ಹೆಚ್ಚು, ಆಗ ಫ್ರೀಕಿಕ್ ನಮ್ಮದು.

ಇಲ್ಲಿಂದ ಮುಂದೆ ಏನು ಮಾಡಬೇಕೆಂಬುದನ್ನು ಬೆನ್ನು ಹೇಳುತ್ತದೆ. ಸ್ಟಾಪರ್‌ನ ಭಾರ ಬೆನ್ನ ಮೇಲೆ ಗಟ್ಟಿಯಾಗಿ ಬಿದ್ದಿದೆ ಮತ್ತು ಎದುರಿಗೆ ನಮ್ಮ ಹಾಫ್ ಬರುತ್ತಿದ್ದಾನೆ ಎಂದಾದರೆ ಒಂದೇ ಮುಟ್ಟಿನಲ್ಲಿ ಅವನಿಗೆ ಇಟ್ಟುಕೊಡಬೇಕು. ಭಾರ ಒಂದು ಬದಿಗೆ ವಾಲಿದೆ, ಅಂದರೆ ಅವನು ಆ ಬದಿಯಿಂದ ಕಾಲು ಚಾಚಲು ಹೊರಟಿದ್ದಾನೆ ಎಂದಾದರೆ ಅದರ ವಿರುದ್ಧ ಬದಿಗೆ ಚೆಂಡಿನೊಂದಿಗೆ ಉರುಳಿಕೊಂಡು ತಿರುಗಬಹುದು. ಬೆನ್ನಿಗೆ ಏನೂ ತಾಗುತ್ತಿಲ್ಲವೆಂದರೆ ಸ್ಟಾಪರ್ ಹಿಂದೆ ಸರಿದಿದ್ದಾನೆಂದೇ ಅರ್ಥ, ಆಗ ಕಾಯುವ ಪ್ರಶ್ನೆಯೇ ಇಲ್ಲ, ತಿರುಗಿ ಗೋಲಿನತ್ತ ನಡೆಯಬೇಕು. ಈ ಮೂರರಲ್ಲಿ ಪಂದ್ಯದಲ್ಲಿ ಅತಿ ಹೆಚ್ಚು ಬಾರಿ ಬೇಕಾಗುವುದು ಮೊದಲನೆಯದು. ಹುಡುಗರು ಹೆಚ್ಚು ಇಷ್ಟಪಡುವುದು ಎರಡನೆಯದನ್ನು, ಚೆಂಡು ಹೆಚ್ಚು ಕಳೆಯುವುದೂ ಅದರಲ್ಲೇ.

ನಮ್ಮ ಊರಿನ ಮೈದಾನಗಳಲ್ಲಿ ಇನ್ನೊಂದು ವಿಶೇಷವಿದೆ. ಒಂದೇ ತಂಡದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಕೇಳಿಬರುತ್ತವೆ, ಒತ್ತಡದಲ್ಲಿ ಪ್ರತಿಯೊಬ್ಬನೂ ತನ್ನ ಮನೆಮಾತಿನಲ್ಲೇ ಕೂಗುತ್ತಾನೆ. ಬೆನ್ನು ತಿರುಗಿಸಿ ನಿಂತವನಿಗೆ ಕೂಗಿದ ಮಾತನ್ನು ಅರ್ಥಮಾಡಿಕೊಳ್ಳುವಷ್ಟು ಸಮಯವಿರುವುದಿಲ್ಲ. ಆದ್ದರಿಂದ ಮೂರೇ ಶಬ್ದಗಳನ್ನು ಗೊತ್ತುಮಾಡಿಕೊಂಡೆವು: ಇಟ್ಟುಕೊಡಲು "ಸೆಟ್", ತಿರುಗಲು "ಟರ್ನ್", ಹಿಂದೆ ಆಳಿದ್ದಾನೆಂದು ಎಚ್ಚರಿಸಲು "ಮ್ಯಾನ್". ಪಾಸ್ ಕೊಟ್ಟವನೇ, ಚೆಂಡು ದಾರಿಯಲ್ಲಿರುವಾಗಲೇ, ಕೂಗಬೇಕು. ಚೆಂಡು ತಲುಪಿದ ಮೇಲೆ ಕೂಗಿದ ಶಬ್ದ ಕೆಲಸಕ್ಕೆ ಬಾರದು.

ಹಾಫ್ ಯಾವಾಗ ಹೊರಡಬೇಕು

ಸ್ಟ್ರೈಕರ್ ಎಷ್ಟು ಚೆನ್ನಾಗಿ ಕಾಯ್ದುಕೊಂಡರೂ ಎರಡು ಸೆಕೆಂಡ್ ದಾಟಿದರೆ ಎರಡನೆಯ ಎದುರಾಳಿ ಮುಂದಿನಿಂದ ಬಂದೇ ಬರುತ್ತಾನೆ, ಆಗ ಚೆಂಡು ಇಬ್ಬರ ನಡುವೆ ಸಿಕ್ಕಿಬೀಳುತ್ತದೆ. ನನ್ನ ವಹಿಯನ್ನು ಮತ್ತೆ ನೋಡಿದಾಗ, ಹುಡುಗನ ಬಲದ ಕೊರತೆಯೆಂದು ನಾನು ಭಾವಿಸಿದ್ದ ಎಷ್ಟೋ ಕಡೆ ನಿಜವಾಗಿ ತಡ ಮಾಡಿದವರು ನಮ್ಮ ಹಾಫ್‌ಗಳಾಗಿದ್ದರು. ಅವರು ಸ್ಟ್ರೈಕರ್ ಚೆಂಡನ್ನು ಹತೋಟಿಗೆ ತಂದದ್ದನ್ನು ಕಂಡ ಮೇಲೆ ಓಡತೊಡಗುತ್ತಿದ್ದರು.

ಲೆಕ್ಕ ಹೀಗಿದೆ. ಪಾಸ್ ಸ್ಟ್ರೈಕರ್‌ನನ್ನು ತಲುಪಲು ಒಂದೂವರೆ ಸೆಕೆಂಡ್, ಅವನು ಮುಟ್ಟಿ ಇಟ್ಟುಕೊಡಲು ಸುಮಾರು ಅರ್ಧ ಸೆಕೆಂಡ್, ಒಟ್ಟು ಎರಡು. ಸಾಧಾರಣ ವೇಗದಲ್ಲಿ ಓಡುವ ಹಾಫ್ ಅಷ್ಟರಲ್ಲಿ ಹತ್ತು ಮೀಟರ್ ದಾಟುತ್ತಾನೆ. ಅಂದಮೇಲೆ ಸ್ಟ್ರೈಕರ್‌ನಿಂದ ಹನ್ನೆರಡು ಹದಿಮೂರು ಮೀಟರ್ ದೂರದಲ್ಲಿರುವ ಹಾಫ್, ಪಾಸ್ ಕೊಡುವವನ ಕಾಲು ಚೆಂಡಿಗೆ ತಾಗಿದ ಗಳಿಗೆಯಲ್ಲೇ ಹೊರಟರೆ ಚೆಂಡೂ ಅವನೂ ಒಂದೇ ಜಾಗಕ್ಕೆ ಕೂಡಿ ಬರುತ್ತಾರೆ. ಹೊರಡುವ ಸೂಚನೆ ಅಲ್ಲಿದೆ, ಸ್ಟ್ರೈಕರ್‌ನ ಕಾಲಲ್ಲಿಲ್ಲ. ಬಂದು ಸೇರುವ ಜಾಗ ಸ್ಟ್ರೈಕರ್‌ನ ಎದುರಿಗೆ ಓರೆಯಲ್ಲಿ, ಅವನಿಂದ ಎರಡು ಮೂರು ಮೀಟರ್ ಅಂತರದಲ್ಲಿ, ಮುಖ ಗೋಲಿನ ಕಡೆಗಿರುವಂತೆ ಇರಬೇಕು. ಇನ್ನೂ ಹತ್ತಿರ ಬಂದರೆ ಅವನು ತನ್ನ ಜೊತೆಗೆ ಇನ್ನೊಬ್ಬ ಎದುರಾಳಿಯನ್ನೂ ಸ್ಟ್ರೈಕರ್‌ನ ಕಾಲಬುಡಕ್ಕೆ ಎಳೆದು ತರುತ್ತಾನೆ.

ಇಟ್ಟುಕೊಡುವ ಚೆಂಡು ಮೆದುವಾಗಿರಬೇಕು, ಓಡಿಬರುವವನ ಒಂದು ಹೆಜ್ಜೆ ಮುಂದೆ ಬೀಳಬೇಕು. ಹಾಫ್ ಓಟ ನಿಲ್ಲಿಸದೆ ಆಡಿದನೇ ಎಂಬುದೊಂದೇ ಇಲ್ಲಿ ಪರೀಕ್ಷೆ. ಅವನು ಹೆಜ್ಜೆ ಕುಗ್ಗಿಸಿದರೆ ಚೆಂಡು ಅವನ ಹಿಂದಕ್ಕೋ ಕಾಲಡಿಗೋ ಹೋಗಿದೆ, ಚೆಂಡು ಅವನ ಮೊಣಕಾಲಿಗೆ ಪುಟಿದರೆ ಸ್ಟ್ರೈಕರ್ ಹಿಮ್ಮಡಿಯಿಂದಲೋ ಕಾಲ್ತುದಿಯಿಂದಲೋ ಒರಟಾಗಿ ತಳ್ಳಿದ್ದಾನೆ. 2013ರ ಅಕ್ಟೋಬರ್‌ನಲ್ಲಿ ನಾರ್ವಿಚ್ ವಿರುದ್ಧ ಆರ್ಸೆನಲ್‌ನ ಜ್ಯಾಕ್ ವಿಲ್‌ಶಿಯರ್ ಹೊಡೆದ ಗೋಲಿನಲ್ಲಿ ಜಿರೂ ಪೆನಾಲ್ಟಿ ಪ್ರದೇಶದ ಬಳಿ ಕೊಟ್ಟ ಆ ಕೊನೆಯ ಒಂದು ಮುಟ್ಟನ್ನು ಹುಡುಗರಿಗೆ ಮೊಬೈಲಿನಲ್ಲಿ ನಿಧಾನವಾಗಿ ತೋರಿಸಿದ್ದೆ. ವಿಲ್‌ಶಿಯರ್ ಒಂದು ಹೆಜ್ಜೆಯನ್ನೂ ಕುಗ್ಗಿಸುವುದಿಲ್ಲ.

ಇಟ್ಟುಕೊಟ್ಟ ಮೇಲೆ ಎರಡು ಓಟಗಳು ಏಕಕಾಲಕ್ಕೆ ನಡೆಯಬೇಕು. ಸ್ಟ್ರೈಕರ್‌ನನ್ನು ಹಿಂಬಾಲಿಸಿ ಮುಂದೆ ಬಂದ ಸ್ಟಾಪರ್ ತನ್ನ ಸಾಲಿನಲ್ಲಿ ಒಂದು ಕಿಂಡಿ ಬಿಟ್ಟಿರುತ್ತಾನೆ. ಆ ಕಿಂಡಿಗೆ ವಿಂಗರ್ ಅಥವಾ ಎರಡನೆಯ ಹಾಫ್ ನುಗ್ಗಬೇಕು, ಚೆಂಡು ಪಡೆದ ಮೊದಲ ಹಾಫ್ ಅಲ್ಲಿಗೇ ಒಂದು ಮುಟ್ಟಿನಲ್ಲಿ ಕಳಿಸಬೇಕು. ಹೀಗೆ ನುಗ್ಗುವವನ ಆಫ್‌ಸೈಡ್ ತೀರ್ಮಾನವಾಗುವುದು ಹಾಫ್ ಚೆಂಡನ್ನು ಆಡಿದ ಗಳಿಗೆಯಲ್ಲಿ. ಸ್ಟ್ರೈಕರ್ ಇಟ್ಟುಕೊಡುವಾಗಲೇ ಹಾರಿಹೋದವನು ಸಾಮಾನ್ಯವಾಗಿ ಅರ್ಧ ಹೆಜ್ಜೆ ಮುಂದಾಗಿ ಸಿಕ್ಕಿಬೀಳುತ್ತಾನೆ. ಅವನು ಅಡ್ಡಕ್ಕೆ ಬಾಗಿ ಓಡಿ ನಂತರ ನೇರವಾದರೆ ಈ ಅರ್ಧ ಹೆಜ್ಜೆ ಉಳಿಯುತ್ತದೆ. ಎರಡನೆಯ ಓಟ ಸ್ಟ್ರೈಕರ್‌ನದ್ದೇ: ಕೊಟ್ಟ ಕೂಡಲೇ ಸ್ಟಾಪರ್‌ನ ಬೆನ್ನ ಕಡೆಯಿಂದ ಸುತ್ತಿ ಪೆನಾಲ್ಟಿ ಪ್ರದೇಶಕ್ಕೆ ಹೋಗಬೇಕು. ಚೆಂಡನ್ನು ನೋಡುತ್ತಾ ನಿಂತ ಸ್ಟಾಪರ್ ಅವನನ್ನು ಕಳೆದುಕೊಳ್ಳುವುದು ಈ ಗಳಿಗೆಯಲ್ಲೇ.

ಅಭ್ಯಾಸ

ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಜಾಗ ಸಾಕು, ತುದಿಯಲ್ಲಿ ಒಂದು ಗೋಲು. ಇನ್ನೊಂದು ತುದಿಯಲ್ಲಿ ಪಾಸ್ ಕೊಡುವವನು, ಅವನಿಂದ ಹದಿನೆಂಟು ಮೀಟರ್ ದೂರದಲ್ಲಿ ಸ್ಟ್ರೈಕರ್ ಮತ್ತು ಸ್ಟಾಪರ್, ಎರಡೂ ಬದಿಗೆ ಒಬ್ಬೊಬ್ಬ ಹಾಫ್. ಮೊದಲ ಕೆಲವು ಸಲ ಸ್ಟಾಪರ್ ಬರೀ ಭಾರ ಹಾಕಬೇಕು, ಚೆಂಡಿಗೆ ಕಾಲು ಹಾಕಬಾರದು, ಸ್ಟ್ರೈಕರ್ ಭಾರ ಯಾವ ಬದಿಗಿದೆಯೆಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಸ್ಟಾಪರ್‌ಗೆ ಪೂರ್ಣ ಸ್ವಾತಂತ್ರ್ಯ. ಕೊನೆಯ ಹಂತದಲ್ಲಿ ಮುಂದಿನಿಂದ ಬಂದು ಮುತ್ತುವ ಇನ್ನೊಬ್ಬ ಎದುರಾಳಿಯನ್ನು ಸೇರಿಸಿ, ಪಾಸ್ ಹೊರಟಾಗಿನಿಂದ ಐದು ಸೆಕೆಂಡಿನೊಳಗೆ ಗೋಲಿಗೆ ಹೊಡೆತ ಬೀಳಬೇಕೆಂದು ನಿಯಮ ಮಾಡಬೇಕು. ಒಬ್ಬ ಸ್ಟ್ರೈಕರ್‌ಗೆ ಸತತ ಆರು ಸರದಿಗಿಂತ ಹೆಚ್ಚು ಕೊಡಬೇಡಿ. ತೊಡೆ ದಣಿದವನು ಸೊಂಟ ಎತ್ತುತ್ತಾನೆ, ಸೊಂಟ ಎತ್ತಿದ ಮೇಲೆ ಕಲಿಯುವುದೆಲ್ಲ ತಪ್ಪು ಅಭ್ಯಾಸವೇ.

ಜುಲೈ ಆಗಸ್ಟ್‌ನಲ್ಲಿ ನಮ್ಮ ಮೈದಾನದಲ್ಲಿ ನೀರು ನಿಂತಾಗ ಮೇಲಿನ ಲೆಕ್ಕ ಕೆಡುತ್ತದೆ. ಚೆಂಡು ನೀರಿಗೆ ಸಿಕ್ಕಿ ನಿಧಾನವಾಗುತ್ತದೆ, ಹಾಫ್ ಮಾತ್ರ ಅಭ್ಯಾಸದ ಪ್ರಕಾರ ಹೊರಟು ಚೆಂಡಿಗಿಂತ ಮೊದಲೇ ತಲುಪಿ ನಿಂತುಬಿಡುತ್ತಾನೆ. ಆ ದಿನಗಳಲ್ಲಿ ಹಾಫ್ ಮೊದಲ ಎರಡು ಹೆಜ್ಜೆಯನ್ನು ನಿಧಾನವಾಗಿಟ್ಟು ಆಮೇಲೆ ವೇಗ ಪಡೆಯಬೇಕು, ಸ್ಟ್ರೈಕರ್ ಕಾದು ನಿಲ್ಲದೆ ಚೆಂಡಿನ ಕಡೆಗೆ ಎರಡು ಹೆಜ್ಜೆ ಹೆಚ್ಚೇ ಬರಬೇಕು. ಬೇಸಿಗೆಯ ಗಟ್ಟಿ ನೆಲದಲ್ಲಿ ಇದರ ತದ್ವಿರುದ್ಧ, ಪಾಸ್ ಪುಟಿಯುತ್ತಾ ಬರುವುದರಿಂದ ಮೊದಲ ಮುಟ್ಟನ್ನು ತೊಡೆಯಲ್ಲೋ ಎದೆಯಲ್ಲೋ ತೆಗೆದುಕೊಳ್ಳಬೇಕಾಗುತ್ತದೆ.

ಆರನೆಯ ವಾರದ ಪಂದ್ಯದಲ್ಲಿ ಹುಡುಗನಿಗೆ ಹದಿಮೂರು ಪಾಸ್ ಹೋದವು, ನಾಲ್ಕನ್ನು ಕಳೆದುಕೊಂಡ. ಆ ನಾಲ್ಕರಲ್ಲಿ ಮೂರು ಕೊನೆಯ ಹದಿನೈದು ನಿಮಿಷದಲ್ಲಿ, ಎದುರಾಳಿ ಕೋಚ್ ಒಬ್ಬ ಹಾಫ್‌ನನ್ನು ಅವನ ಮುಂದೆಯೇ ನಿಲ್ಲಿಸಿ ಇಬ್ಬರ ನಡುವೆ ಸಿಕ್ಕಿಸಿದ ಮೇಲೆ. ಇಬ್ಬರು ಅವನ ಮೇಲಿದ್ದಾಗ ನಮ್ಮ ಒಬ್ಬ ಹಾಫ್ ಎಲ್ಲಿಯೋ ಬಿಡುವಾಗಿ ನಿಂತಿರುತ್ತಾನೆ, ಪಾಸ್ ಸ್ಟ್ರೈಕರ್‌ಗೆ ಹೋಗುವ ಬದಲು ನೇರವಾಗಿ ಅವನಿಗೆ ಹೋಗಬೇಕಿತ್ತು. ಅದನ್ನು ಹೊರಗಿನಿಂದ ಕೂಗಿ ಹೇಳಬೇಕಾದವನು ನಾನು. ವಹಿಯಲ್ಲಿ ಗುರುತು ಹಾಕುವುದರಲ್ಲಿ ಮುಳುಗಿ ಕೂಗಲಿಲ್ಲ.